ಅಂಕಿಯ ಎಡಗಡೆಯ ಖಾಲಿ ಜಾಗ

ಯಾವ ಅಂಗಡಿಯಲ್ಲಿ ಬಿಲ್ಲು ಕೊಟ್ಟರೂ ನಾನು ಮೊದಲು ನೋಡುವುದು ಮೊತ್ತದ ಎಡಗಡೆ ಏನಿದೆ ಎಂಬುದನ್ನು. ಮೊತ್ತ ಆಮೇಲೆ. ಹೆಂಡತಿಗೆ ಇದು ರೂಢಿಯಾಗಿದೆ. ಹೋಟೆಲಿನಲ್ಲಿ ನಾನು ಬಿಲ್ಲನ್ನು ಕಣ್ಣಿಗೆ ಹತ್ತಿರ ಹಿಡಿದರೆ, ಲೆಕ್ಕ ತಪ್ಪಿದೆಯೇನೋ ಎಂದು ಮಾಣಿ ಗಾಬರಿಯಾಗುತ್ತಾನೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಲೆಕ್ಕ ಸರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದುಕೊಂಡಿದ್ದವನು ಒಬ್ಬನಿದ್ದ, ಅವನು ನಾನೇ. ಆಗ ನನಗೆ ಇಪ್ಪತ್ಮೂರು ವರ್ಷ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮ ಮನೆ ಹನುಮಂತನಗರದಲ್ಲಿ. ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ಮುಗಿಸಿ, ದೊಡ್ಡ ಕಂಪನಿಗಳ ಪರೀಕ್ಷೆಗಳಲ್ಲೆಲ್ಲ ಫೇಲಾಗಿ, ಕೊನೆಗೆ ಅಂಗಡಿಗಳಿಗೆ ಬಿಲ್ಲಿಂಗ್ ಪ್ರೋಗ್ರಾಂ ಬರೆದುಕೊಡುವ ಕೆಲಸಕ್ಕೆ ಇಳಿದಿದ್ದೆ. ಫಾಕ್ಸ್‌ಪ್ರೊ ಎಂಬ ಹಳೆಯ ತಂತ್ರಾಂಶ, ಸೆಕೆಂಡ್ ಹ್ಯಾಂಡ್ ಕಂಪ್ಯೂಟರು, ಅಪ್ಪನ ಸ್ಕೂಟರು, ಇಷ್ಟೇ ನನ್ನ ಬಂಡವಾಳ. ಗರ್ವ ಮಾತ್ರ ಬಂಡವಾಳ ಮೀರಿ ಇತ್ತು.

ನನಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ ಚಾಮರಾಜಪೇಟೆಯ ಒಂದು ಔಷಧಿ ಅಂಗಡಿ. ಯಜಮಾನರ ತಂದೆ ಹಳ್ಳಿಯಿಂದ ಬಂದು ಶುರುಮಾಡಿದ್ದು. ಮಗ ಅದಕ್ಕೆ ಗಾಜಿನ ಬಾಗಿಲು ಹಾಕಿಸಿದ್ದರು, ಈಗ ಕಂಪ್ಯೂಟರೂ ಬರಬೇಕಿತ್ತು. ಅಲ್ಲಿಯವರೆಗೆ ಬಿಲ್ಲೆಲ್ಲ ಕೈಬರಹ. ಬರೆಯುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಕ್ಯಾಷಿಯರು. ಅವರ ಅಕ್ಷರ ದುಂಡಗೆ ಇದ್ದದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ. ದಿನಾ ಶ್ರೀರಾಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಫ್ರಿಜ್ ಇಲ್ಲದ ಕಾರಣ ಇನ್ಸುಲಿನ್ನಿನ ಬಾಟಲಿಗಳು ಅಂಗಡಿಯ ಫ್ರಿಜ್ಜಿನ ಮೇಲಿನ ಅರೆಯಲ್ಲೇ ಇರುತ್ತಿದ್ದವು, ಒಂದು ಮುಗಿದಾಗ ಇನ್ನೊಂದನ್ನು ಒಯ್ಯುತ್ತಿದ್ದರು. ಅಂಗಡಿಯವರೆಂದು ಅಸಲು ಬೆಲೆಗೇ ಸಿಗುತ್ತಿತ್ತು. ಈ ಕೆಲಸ ಅವರಿಗೆ ಎಷ್ಟು ಮುಖ್ಯ ಎಂದು ತಿಳಿಯಲು ಆ ಫ್ರಿಜ್ಜಿನ ಬಾಗಿಲು ತೆರೆದು ನೋಡಿದ್ದರೆ ಸಾಕಿತ್ತು. ನಾನು ಅದರಿಂದ ಕುಡಿಯುವ ನೀರು ತೆಗೆಯಲು ಎಷ್ಟೋ ಸಲ ಬಾಗಿಲು ತೆರೆದಿದ್ದೇನೆ.

ಯಜಮಾನರು ತಂದದ್ದು ಪುಟ್ಟ ಥರ್ಮಲ್ ಪ್ರಿಂಟರು. ಇಂಕು, ರಿಬ್ಬನ್ನು ಏನೂ ಬೇಡ. ಕಾಗದಕ್ಕೇ ಮದ್ದು ಬಳಿದಿರುತ್ತದೆ, ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. ಕಾಗದದ ಅಗಲ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ. ಒಂದು ಸಾಲಿಗೆ ಮೂವತ್ತೆರಡು ಅಕ್ಷರ, ಮೂವತ್ಮೂರನೆಯದು ಕೆಳಗಿನ ಸಾಲಿಗೆ ಬೀಳುತ್ತದೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ, ಖಾಲಿ ಜಾಗಕ್ಕೂ ಅಷ್ಟೇ ಅಗಲ. ಹಾಗಾಗಿ ಅದು ಚೌಕುಳಿ ಪುಸ್ತಕದಲ್ಲಿ ಬರೆದ ಹಾಗೆ. ಔಷಧಿಯ ಹೆಸರಿಗೆ ಹದಿನಾರು ಮನೆ, ಎಷ್ಟು ಎಂಬುದಕ್ಕೆ ನಾಲ್ಕು, ಮೊತ್ತಕ್ಕೆ ಹನ್ನೆರಡು. ಬ್ಯಾಚ್ ನಂಬರು, ಎಕ್ಸ್‌ಪೈರಿ ಎರಡನೆಯ ಸಾಲಿಗೆ. ಒಂದೊಂದರ ದರ ಹಾಕಲು ಜಾಗವೇ ಉಳಿಯಲಿಲ್ಲ, ಬಿಟ್ಟೆ. ಕೈಬರಹದ ಬಿಲ್ಲಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯುತ್ತಿದ್ದರು. ರೋಲು ಬೇಗ ಖಾಲಿಯಾಗುತ್ತದೆ ಎಂದು ಅದನ್ನೂ ಬಿಟ್ಟೆ.

ಮೊತ್ತವನ್ನು ಬಲಕ್ಕೆ ಒತ್ತಿ ನಿಲ್ಲಿಸುವುದೇ ಈ ಕೆಲಸದ ಸೊಗಸು. ಪೈಸೆಯ ಕೆಳಗೆ ಪೈಸೆ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಬೇಕು. ಅದಕ್ಕೆ ಅಂಕಿ ಎಷ್ಟು ಉದ್ದ ಇದೆಯೆಂದು ಎಣಿಸಿ, ಕಡಿಮೆ ಬಿದ್ದಷ್ಟು ಖಾಲಿ ಅಕ್ಷರಗಳನ್ನು ಎಡಗಡೆ ತುಂಬಬೇಕು. ಕೊನೆಯ ಸಾಲಿನಲ್ಲಿ TOTAL ಎಂಬುದಕ್ಕೆ ಐದು ಮನೆ, 240.00 ಎಂಬುದಕ್ಕೆ ಆರು, ನಡುವೆ ಇಪ್ಪತ್ತೊಂದು ಖಾಲಿ ಮನೆ. ಎರಡು ದಿನ ಕೂತು ನಾನು ಇದನ್ನು ಕೂದಲೆಳೆಯಷ್ಟೂ ಸರಿಯದ ಹಾಗೆ ಮಾಡಿದೆ. ಮೊದಲ ಬಿಲ್ಲು ಜರ್ರನೆ ಹೊರಗೆ ಬಂದಾಗ ಹರಿದು ಯಜಮಾನರ ಕೈಗಿಟ್ಟೆ. ಅವರು ಮೇಷ್ಟ್ರ ಕೈಗಿಟ್ಟರು.

ಮೇಷ್ಟ್ರು ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ ಸಾರ್," ಎಂದರು. ನನ್ನ ಅಪ್ಪನಿಗಿಂತ ದೊಡ್ಡವರು ನನ್ನನ್ನು ಸಾರ್ ಎನ್ನುತ್ತಿದ್ದರು, ನಾನು ಅನ್ನಿಸಿಕೊಳ್ಳುತ್ತಿದ್ದೆ. "ಆದ್ರೆ ಇಲ್ಲಿ ಖಾಲಿ ಬಿಟ್ಟಿದೀರಲ್ಲ, ಇಲ್ಲಿ ಚುಕ್ಕಿ ಹಾಕೋಕೆ ಆಗುತ್ತಾ?"

"ಯಾಕೆ ಮೇಷ್ಟ್ರೇ?"

"ಅಂಕಿ ಎಡಗಡೆ ಖಾಲಿ ಬಿಡಬಾರದು ಸಾರ್. ಯಾರಾದ್ರೂ ಏನಾದ್ರೂ ಬರ್ಕೋತಾರೆ. ನಾನು ಕೈಯಲ್ಲಿ ಬರೆಯೋವಾಗ ಎರಡು ಗೀಟು ಎಳೆದುಬಿಡ್ತೀನಿ, ನೋಡಿ." ಹಳೆಯ ಬಿಲ್ಲಿನ ಪುಸ್ತಕ ತೆಗೆದು ತೋರಿಸಿದರು. ಪ್ರತಿ ಮೊತ್ತದ ಎಡಗಡೆ, ಅಂಕಿಗೆ ತಾಗಿದಂತೆ, ಒಂದರ ಕೆಳಗೊಂದು ಎರಡು ಪುಟ್ಟ ಅಡ್ಡಗೆರೆ. ಮೂವತ್ತು ವರ್ಷದ ಬಿಲ್ಲುಗಳಲ್ಲಿ ಒಂದರಲ್ಲೂ ತಪ್ಪಿರಲಿಲ್ಲವಂತೆ.

ನನ್ನ ಪ್ರೋಗ್ರಾಮಿನಲ್ಲಿ ಖಾಲಿ ಅಕ್ಷರದ ಬದಲು ಚುಕ್ಕಿ ತುಂಬಲು ಒಂದೇ ಒಂದು ಕಡೆ ಒಂದೇ ಒಂದು ಚಿಹ್ನೆ ಬದಲಾಯಿಸಬೇಕಿತ್ತು. ಐದು ನಿಮಿಷದ ಕೆಲಸ. ಆದರೆ ಆ ನುಣ್ಣನೆಯ ಬಿಳಿ ಜಾಗವೇ ನನಗೆ ಹೆಮ್ಮೆ. ಅಲ್ಲಿ ಚುಕ್ಕಿ ಸುರಿದರೆ ಸಾಲಿನ ಮೇಲೆ ಇರುವೆ ಹತ್ತಿದ ಹಾಗೆ ಕಾಣುತ್ತದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಕಂಪ್ಯೂಟರ್ ಮುಟ್ಟದ ಮನುಷ್ಯ ನನಗೆ ತಿದ್ದುಪಡಿ ಹೇಳುವುದೇ ಎಂಬ ಉರಿ. ಹಾಗೆಂದು ಬಾಯಿಬಿಟ್ಟು ಹೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಸುಳ್ಳು ಹೇಳಿದೆ.

"ಅಷ್ಟೊಂದು ಚುಕ್ಕಿ ಹಾಕಿದ್ರೆ ಪ್ರಿಂಟರ್ ಹೆಡ್ಡು ಬೇಗ ಸವೆದು ಹೋಗುತ್ತೆ ಮೇಷ್ಟ್ರೇ. ಹೆಡ್ಡು ಹೋದ್ರೆ ಸಾವಿರಾರು ರೂಪಾಯಿ."

ಸಾವಿರಾರು ರೂಪಾಯಿ ಎಂದದ್ದೇ ಯಜಮಾನರು "ಬೇಡ ಬಿಡಿ, ಹಿಂಗೇ ಇರ್ಲಿ" ಎಂದರು. ಮೇಷ್ಟ್ರು ತಲೆಯಾಡಿಸಿದರು. ಅವರು ನನ್ನ ಮಾತನ್ನು ನಂಬಿದರು. ಆಮೇಲೆ ಬೇರೆಯವರಿಗೆ "ಚುಕ್ಕಿ ಹಾಕಿದ್ರೆ ಹೆಡ್ಡು ಸವೆಯುತ್ತಂತೆ" ಎಂದು ಅವರೇ ವಿವರಿಸುವುದನ್ನು ಕೇಳಿದ್ದೇನೆ. ಅದು ನೆನಪಾದಾಗ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಮೇಷ್ಟ್ರು ತಮ್ಮದೇ ದಾರಿ ಹುಡುಕಿಕೊಂಡರು. ಬಿಲ್ಲು ಹೊರಗೆ ಬಂದ ಮೇಲೆ ಅದಕ್ಕೆ ಸೀಲು ಒತ್ತಿ ಪುಟ್ಟದಾಗಿ ಸಹಿ ಹಾಕುವುದು ಹೇಗೂ ಇತ್ತು, ಕಚೇರಿಗಳಲ್ಲಿ ಔಷಧಿ ಖರ್ಚು ವಾಪಸು ಪಡೆಯುವವರಿಗೆ ಅದು ಬೇಕು. ಅದೇ ನೀಲಿ ಬಾಲ್ ಪೆನ್ನಿನಿಂದ ಪ್ರತಿ ಮೊತ್ತದ ಎಡಗಡೆ ಅವರ ಎರಡು ಗೀಟನ್ನೂ ಎಳೆಯತೊಡಗಿದರು. ಐದು ಔಷಧಿ ಇದ್ದರೆ ಐದು ಕಡೆ, ಕೊನೆಗೆ ಒಟ್ಟು ಮೊತ್ತಕ್ಕೆ ಒಂದು. ಸಂಜೆ ಆರರ ಗಿರಾಕಿಗಳ ಗಲಾಟೆಯಲ್ಲೂ ಬಿಡುತ್ತಿರಲಿಲ್ಲ.

ವಾರಕ್ಕೊಮ್ಮೆ ಅಂಗಡಿಗೆ ಹೋಗಿ ನೋಡಿಬರುತ್ತಿದ್ದ ನನಗೆ ಆ ಗೀಟುಗಳು ಕಣ್ಣಿಗೆ ಚುಚ್ಚಿದವು. ನಾನು ಅಷ್ಟು ಕಷ್ಟಪಟ್ಟು ನಿಲ್ಲಿಸಿದ ಸಾಲುಗಳ ಮೇಲೆ ನೀಲಿ ಗೀಚು! ಅದೇ ಸಮಯಕ್ಕೆ ಯಜಮಾನರ ಭಾವಮೈದ ಮಲ್ಲೇಶ್ವರದಲ್ಲಿ ಹೊಸದಾಗಿ ಔಷಧಿ ಅಂಗಡಿ ತೆರೆಯುವವರಿದ್ದರು, ಅವರಿಗೂ ಪ್ರೋಗ್ರಾಂ ಬೇಕಿತ್ತು. ಅವರು ಇಲ್ಲಿಯ ಬಿಲ್ಲನ್ನು ನೋಡಿ ನಗಬಾರದು ಎಂಬ ಚಿಂತೆ ನನಗೆ. ಒಂದು ದಿನ ಮೇಷ್ಟ್ರು ಊಟಕ್ಕೆ ಕೂತಾಗ ಯಜಮಾನರ ಹತ್ತಿರ ಹೋದೆ.

"ಸಾರ್, ಕಂಪ್ಯೂಟರ್ ಬಿಲ್ ಮೇಲೆ ಪೆನ್ನಲ್ಲಿ ಗೀಚ್ತಾರೆ ಮೇಷ್ಟ್ರು. ನೋಡೋರು ಏನಂದ್ಕೋತಾರೆ? ಅಂಗಡೀಲಿ ಏನೋ ತಿದ್ದಿ ಕೊಡ್ತಾರೆ ಅನ್ನಲ್ವಾ?"

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಯಾರೂ ಹೇಳಿಕೊಟ್ಟದ್ದಲ್ಲ. ಯಜಮಾನರು ಆ ಮಧ್ಯಾಹ್ನವೇ ಮೇಷ್ಟ್ರನ್ನು ಕರೆದು, ಸಹಿ ಬಿಟ್ಟರೆ ಬಿಲ್ಲಿನ ಮೇಲೆ ಪೆನ್ನು ತಾಗಿಸಕೂಡದು ಎಂದರು. ಮೇಷ್ಟ್ರು ಕೈಯೊರೆಸಿಕೊಳ್ಳುತ್ತಾ "ಆಯ್ತು ಯಜಮಾನ್ರೇ" ಎಂದರು. ನನ್ನ ಕಡೆ ನೋಡಲಿಲ್ಲ. ಹೇಳಿದ್ದು ನಾನು ಎಂದು ಅವರಿಗೆ ತಿಳಿಯಿತೋ ಇಲ್ಲವೋ, ಅದು ನನಗೂ ಗೊತ್ತಿಲ್ಲ.

ಐದಾರು ತಿಂಗಳು ಎಲ್ಲವೂ ಸುಸೂತ್ರ. ಬಿಲ್ಲುಗಳು ನನ್ನ ಆಸೆಯಂತೆ ಶುಭ್ರವಾಗಿ ಹೊರಬರುತ್ತಿದ್ದವು.

ಒಂದು ಬೆಳಿಗ್ಗೆ ಯಜಮಾನರ ಫೋನು. ಕೂಡಲೇ ಬಾ ಎಂದರು. ಹೋದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬರು ಅಪರಿಚಿತರು ಕೂತಿದ್ದರು, ಯಾವುದೋ ಕಚೇರಿಯ ಲೆಕ್ಕ ವಿಭಾಗದವರು. ಅವರ ಕಚೇರಿಯ ನೌಕರನೊಬ್ಬ ಈ ಅಂಗಡಿಯ ಬಿಲ್ಲುಗಳನ್ನು ಕೊಟ್ಟು ದುಡ್ಡು ಪಡೆಯುತ್ತಿದ್ದ. ಪ್ರತಿ ಬಿಲ್ಲಿನಲ್ಲೂ ಒಂದೇ ಔಷಧಿ, ಪ್ರತಿಯೊಂದಕ್ಕೂ ಸಾವಿರದ ಮೇಲೆ. ಅನುಮಾನ ಬಂದು ವಿಚಾರಿಸಲು ಬಂದಿದ್ದರು. ಮೇಜಿನ ಮೇಲೆ ಮೂರು ಜೆರಾಕ್ಸ್ ಪ್ರತಿ ಮತ್ತು ಒಂದು ಅಸಲು ಬಿಲ್ಲು.

ಥರ್ಮಲ್ ಬಿಲ್ಲು ಬಿಸಿಲಿಗೆ, ಸೆಕೆಗೆ ಇಟ್ಟರೆ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ. ಅದಕ್ಕೇ ಕಚೇರಿಗಳು ಅದರ ಜೆರಾಕ್ಸ್ ಕೇಳುತ್ತಿದ್ದವು. ಜೆರಾಕ್ಸಿನಲ್ಲಿ ನೀಲಿಯೂ ಕಪ್ಪೇ, ಕಪ್ಪೂ ಕಪ್ಪೇ. ಮೂರರಲ್ಲೂ 1240.00 ಎಂದು ಸ್ಪಷ್ಟವಾಗಿತ್ತು, ಔಷಧಿಯ ಸಾಲಿನಲ್ಲೊಮ್ಮೆ, ಒಟ್ಟು ಮೊತ್ತದಲ್ಲೊಮ್ಮೆ. ದರ ಹಾಕಿರದ ಕಾರಣ ಗುಣಿಸಿ ನೋಡುವ ಹಾಗಿಲ್ಲ. ಅಕ್ಷರದಲ್ಲಿ ಬರೆದಿರದ ಕಾರಣ ಓದಿ ನೋಡುವ ಹಾಗೂ ಇಲ್ಲ. ಆ ನಾಲ್ಕನೆಯದು, ಆ ನೌಕರ ಮರೆತು ಲಗತ್ತಿಸಿದ್ದ ಅಸಲು ಬಿಲ್ಲು, ಹೆಚ್ಚುಕಡಿಮೆ ಬೆಳ್ಳಗಾಗಿತ್ತು. ಅಂಗಡಿಯ ಹೆಸರು ಮಾಸಿತ್ತು, ಔಷಧಿಯ ಹೆಸರು ಮಾಸಿತ್ತು, 240.00 ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತಿತ್ತು. ಮಾಸದೆ ಉಳಿದದ್ದು ಸೀಲು, ಮೇಷ್ಟ್ರ ಸಹಿ ಮತ್ತು ನೀಲಿ ಬಾಲ್ ಪೆನ್ನಿನ ಎರಡು ನೆಟ್ಟನೆಯ ಕಡ್ಡಿಗಳು, ಒಂದು ಮೇಲೆ ಔಷಧಿಯ ಸಾಲಿನಲ್ಲಿ, ಒಂದು ಕೆಳಗೆ ಒಟ್ಟು ಮೊತ್ತದ ಸಾಲಿನಲ್ಲಿ.

ನನ್ನ ಪ್ರಿಂಟರಿನ 1 ಅಂಕಿಗೆ ತಲೆಯಲ್ಲಿ ಕೊಕ್ಕು, ಬುಡದಲ್ಲಿ ಪೀಠ ಇರುತ್ತದೆ. ಇವು ಬರೀ ಕಡ್ಡಿ. ನಾನು ಬಿಟ್ಟಿದ್ದ ಖಾಲಿ ಮನೆಯಲ್ಲಿ, ಅಂಕಿಗೆ ತಾಗಿದಂತೆ, ಮೇಷ್ಟ್ರು ಎರಡು ಗೀಟು ಎಳೆಯುತ್ತಿದ್ದ ಅದೇ ಜಾಗದಲ್ಲಿ ನಿಂತಿದ್ದವು.

ಎಲ್ಲವೂ ನನಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಮುಂದೆ ಎಷ್ಟೋ ವರ್ಷ ನಾನು ನನಗೇ ಬೇರೆ ಕತೆ ಹೇಳಿಕೊಂಡೆ. ಗಾಬರಿಯಾಗಿತ್ತು, ಚಿಕ್ಕ ವಯಸ್ಸು, ತಿಳಿಯಲಿಲ್ಲ ಎಂದೆಲ್ಲ. ತಿಳಿದಿತ್ತು.

"ಕಂಪ್ಯೂಟರಲ್ಲಿ ಎಷ್ಟಿದೆ?" ಎಂದರು ಯಜಮಾನರು.

ಹೊರಗೆ ಗಲ್ಲಾದ ಹತ್ತಿರ ಹೋಗಿ ನೋಡಿಬಂದು ಹೇಳಿದೆ. ನಾಲ್ಕರಲ್ಲೂ ಇನ್ನೂರ ನಲವತ್ತು.

"ಪ್ರೋಗ್ರಾಮ್ ಏನಾದ್ರೂ ತಪ್ಪು ಪ್ರಿಂಟ್ ಮಾಡೋ ಚಾನ್ಸ್ ಇದೆಯಾ?"

"ಇಲ್ಲ ಸಾರ್. ಪ್ರೋಗ್ರಾಮ್ ಸರಿಯಾಗಿದೆ. ಇದು ಆಮೇಲೆ ಪೆನ್ನಲ್ಲಿ ಬರೆದಿದ್ದು."

ಕಚೇರಿಯವರು ತಮ್ಮ ನೌಕರ ಹೇಳಿದ್ದನ್ನು ಹೇಳಿದರು. ಅಂಗಡಿಯಲ್ಲೇ ಹಾಗೆ ತಿದ್ದಿ ಸಹಿ ಹಾಕಿ ಕೊಟ್ಟರು, ನನಗೇನೂ ಗೊತ್ತಿಲ್ಲ ಎಂದಿದ್ದನಂತೆ. ತಪ್ಪಿಸಿಕೊಳ್ಳಲು ಯಾರಾದರೂ ಹೇಳುವ ಸುಳ್ಳು. ಆದರೆ ಯಜಮಾನರು ಆ ಬೆಳ್ಳನೆಯ ಬಿಲ್ಲನ್ನು ಎತ್ತಿ, ನೀಲಿ ಸಹಿಯನ್ನೂ ನೀಲಿ ಕಡ್ಡಿಗಳನ್ನೂ ಒಟ್ಟಿಗೆ ನೋಡಿದರು. ಅವರಿಗೆ ಏನು ನೆನಪಾಗುತ್ತಿದೆ ಎಂದು ನನಗೆ ಕಾಣುತ್ತಿತ್ತು.

"ಬಿಲ್ ಮೇಲೆ ಪೆನ್ನಲ್ಲಿ ಗೀಚ್ತಾರೆ ಅಂತ ನೀನೇ ಅಲ್ವೇನಪ್ಪಾ ಆವತ್ತು ಹೇಳಿದ್ದು?"

ಇಲ್ಲಿ ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಅವರು ಗೀಚುತ್ತಿದ್ದದ್ದು ಇದನ್ನು ತಡೆಯಲಿಕ್ಕೆ ಸಾರ್. ಚುಕ್ಕಿ ಹಾಕಿ ಎಂದು ಅವರು ಮೊದಲ ದಿನವೇ ಕೇಳಿದ್ದರು, ನಾನು ಸುಳ್ಳು ಹೇಳಿ ತಪ್ಪಿಸಿದೆ. ಆದರೆ ಮಲ್ಲೇಶ್ವರದ ಅಂಗಡಿಯ ಮುಂಗಡ ಇನ್ನೂ ಬಂದಿರಲಿಲ್ಲ. ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ನನಗೇ ಬರುತ್ತಿತ್ತು.

"ಹೌದು ಸಾರ್," ಎಂದೆ.

ಮೇಷ್ಟ್ರನ್ನು ಒಳಗೆ ಕರೆದರು. ಅವರು ಬಿಲ್ಲು ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. "ಸಹಿ ನಂದೇ ಯಜಮಾನ್ರೇ. ಇದು ನಂದಲ್ಲ," ಎಂದು ಕಡ್ಡಿಗಳನ್ನು ತೋರಿಸಿದರು. ನಂತರ ನನ್ನ ಕಡೆ ತಿರುಗಿದರು. ನಾನು ಏನಾದರೂ ಹೇಳುತ್ತೇನೆ ಎಂದು ಕಾದರು ಅನ್ನಿಸುತ್ತದೆ. ನಾನು ಬಾಗಿಲಿನಾಚೆ ಗಲ್ಲಾದ ಹತ್ತಿರ ಪ್ರಿಂಟರಿನ ಮುಚ್ಚಳ ತೆಗೆದು ರೋಲು ಸರಿಮಾಡುವವನ ಹಾಗೆ ನಿಂತಿದ್ದೆ. ರೋಲು ಸರಿಯಾಗಿಯೇ ಇತ್ತು.

ಪೊಲೀಸು ಗಿಲೀಸು ಎಂದು ಏನೂ ಆಗಲಿಲ್ಲ. ಕಚೇರಿಯವರು ಕಾಗದ ಎತ್ತಿಕೊಂಡು ಹೋದರು. ಯಜಮಾನರು ಕೂಗಾಡಲೂ ಇಲ್ಲ. ತಂದೆಯ ಕಾಲದಿಂದ ಇದ್ದವರು ಎಂದು ಮರ್ಯಾದೆಯಾಗಿಯೇ, "ಸ್ವಲ್ಪ ದಿನ ಮನೇಲಿ ರೆಸ್ಟ್ ತಗೊಳ್ಳಿ ಮೇಷ್ಟ್ರೇ, ನಾನೇ ಹೇಳಿ ಕಳಿಸ್ತೀನಿ" ಎಂದರು. ಹಾಗೆ ಹೇಳಿದರೆ ಏನರ್ಥ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮೇಷ್ಟ್ರು ಸೀಲು, ಸೀಲಿನ ಪ್ಯಾಡು, ಗಲ್ಲಾದ ಬೀಗದ ಕೈ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಊಟದ ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದರು. ಫ್ರಿಜ್ಜಿನ ಬಾಗಿಲು ತೆರೆದು, ಡಬ್ಬಿಯ ತುಂಬ ಐಸ್ ತುಂಡು ಹಾಕಿ, ಇನ್ಸುಲಿನ್ ಬಾಟಲಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರ ನಡುವೆ ಇಟ್ಟು ಮುಚ್ಚಳ ಒತ್ತಿದರು. ಮುಚ್ಚಳ ಕೂಡಲಿಲ್ಲ. ಎರಡು ತುಂಡು ಐಸ್ ತೆಗೆದು ಮತ್ತೆ ಒತ್ತಿದರು. ಗಾಜಿನ ಬಾಗಿಲು ತಳ್ಳಿಕೊಂಡು ಬಸ್ ಸ್ಟಾಪಿನ ಕಡೆ ಹೋದರು.

ಅವರು ಹೋದ ಮೂರನೆಯ ದಿನ ನಾನು ಚುಕ್ಕಿ ಹಾಕಿದೆ. ಹೇಳಿದೆನಲ್ಲ, ಐದು ನಿಮಿಷ. ಎಡಗಡೆ ತುಂಬುವ ಖಾಲಿ ಅಕ್ಷರದ ಜಾಗದಲ್ಲಿ ಚುಕ್ಕಿ. ಒಂದೇ ಒಂದು ಕಡೆ ಕೈ ತಡೆಯಿತು. ಚುಕ್ಕಿ ಸೀದಾ ಅಂಕಿಗೆ ತಾಗಿದರೆ ದಶಾಂಶದ ಚುಕ್ಕಿಯ ಹಾಗೆ ಕಂಡು ಗಲಿಬಿಲಿಯಾಗುತ್ತದೆ, ನೋಡಲೂ ಚೆಂದವಿಲ್ಲ. ಹಾಗಾಗಿ ಚುಕ್ಕಿಗಳಿಗೂ ಅಂಕಿಗೂ ನಡುವೆ ಒಂದು ಮನೆ ಖಾಲಿ ಬಿಟ್ಟೆ. TOTAL, ಇಪ್ಪತ್ತು ಚುಕ್ಕಿ, ಒಂದು ಖಾಲಿ, ಆಮೇಲೆ 240.00. ಲೆಕ್ಕ ಮೂವತ್ತೆರಡಕ್ಕೆ ಸರಿಹೋಯಿತು.

ಯಜಮಾನರು ಬಿಲ್ಲು ನೋಡಿ ಬೆನ್ನು ತಟ್ಟಿದರು. "ಇನ್ಮೇಲೆ ಯಾರೂ ಸೇರಿಸೋಕಾಗಲ್ಲ. ಒಳ್ಳೆ ತಲೆ ಕಣಯ್ಯಾ ನಿಂದು." ಭಾವಮೈದನಿಗೆ ಅಲ್ಲೇ ಫೋನು ಮಾಡಿ ನನ್ನ ತಲೆಯ ಬಗ್ಗೆ ಹೇಳಿದರು. ಹೆಡ್ಡು ಸವೆಯುವ ವಿಷಯ ಅವರಿಗೆ ನೆನಪೇ ಇರಲಿಲ್ಲ. ಮಲ್ಲೇಶ್ವರದ ಮುಂಗಡ ಆ ವಾರವೇ ಬಂತು. ಅದರಲ್ಲಿ ಅಮ್ಮನಿಗೆ ಮಿಕ್ಸಿ ತಂದೆ. ಅಮ್ಮ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಚಟ್ನಿ ರುಬ್ಬುವ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಎರಡು ವರ್ಷ ಕಳೆಯಿತು. ಶ್ರೀರಾಂಪುರದಲ್ಲಿ ಚಿಕ್ಕಮ್ಮನ ಮನೆ ಇದೆ. ಒಂದು ಶನಿವಾರ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹತ್ತಿರದ ಪುಟ್ಟ ಗುಡಿಯಲ್ಲಿ ಅರ್ಚನೆ ಮಾಡಿಸೋಣ ಎಂದಳು. ಚೀಟಿ ಬರೆಸಲು ನಾನು ಸಾಲಿನಲ್ಲಿ ನಿಂತೆ. ಕಿಂಡಿಯ ಒಳಗೆ ಬಗ್ಗಿ ಬರೆಯುತ್ತಿದ್ದ ತಲೆ ಎತ್ತಿದಾಗ ನೋಡಿದರೆ ಮೇಷ್ಟ್ರು.

"ಏನ್ ಸಾರ್, ನೀವಿಲ್ಲಿ!" ಎಂದರು. ಮುಖದಲ್ಲಿ ನಿಜವಾದ ಖುಷಿ. ನಾನು ಓಡಿಹೋಗಲು ಸಿದ್ಧನಾಗಿದ್ದವನು ಆ ಖುಷಿಗೆ ಸಿಕ್ಕಿಕೊಂಡೆ. ಮನೆಯವರ ಆರೋಗ್ಯ ಕೇಳಿದೆ. ಇದ್ದಾರೆ, ಕಣ್ಣು ಸ್ವಲ್ಪ ಮಂಜಾಗಿದೆ, ಇನ್ಸುಲಿನ್ನನ್ನು ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಡುತ್ತೇವೆ ಎಂದರು. ಐವತ್ತೊಂದು ರೂಪಾಯಿಯ ಚೀಟಿ ಬರೆದರು. 51ರ ಎಡಗಡೆ, ತಾಗಿದಂತೆ, ಎರಡು ಗೀಟು.

ಚೀಟಿ ಹರಿಯುವ ಮೊದಲು ಅವರಿಗೆ ಏನೋ ನೆನಪಾಯಿತು. ಜೇಬಿನಿಂದ ಸಣ್ಣ ಪರ್ಸು ತೆಗೆದು, ನಾಲ್ಕು ಮಡಿಕೆ ಮಾಡಿದ್ದ ಒಂದು ಬಿಲ್ಲು ಬಿಡಿಸಿದರು. ನನ್ನ ಬಿಲ್ಲು. ಮಲ್ಲೇಶ್ವರದ ಅಂಗಡಿಯದು.

"ಪಕ್ಕದ ಮನೆ ಹುಡುಗಿ ಔಷಧಿ ತಂದ್ಕೊಟ್ಲು. ನೋಡಿದ ತಕ್ಷಣ ಇದು ನಿಮ್ಮದೇ ಅಂತ ಗೊತ್ತಾಯ್ತು. ಚುಕ್ಕಿ ಹಾಕಿದೀರಿ, ಒಳ್ಳೇದಾಯ್ತು. ಹೆಡ್ಡು ಸವೆಯದ ಹಾಗೆ ಏನೋ ಉಪಾಯ ಕಂಡುಹಿಡಿದಿರಬೇಕು." ಬೆರಳಿನ ಉಗುರನ್ನು ಅಂಕಿಯ ಪಕ್ಕ ಇಟ್ಟರು. "ಆದ್ರೆ ಇಲ್ಲೊಂದು ಜಾಗ ಬಿಟ್ಟಿದೀರ. ಒಂದೇ ಒಂದು. ಅಷ್ಟು ಸಾಕು ಸಾರ್, ಒಂದು ಅಂಕಿ ಹಿಡಿಯುತ್ತೆ ಅಲ್ಲಿ. ನಿಮಗೆ ಹೇಳ್ಬೇಕು ಅಂತ ಇಟ್ಕೊಂಡಿದ್ದೆ. ಅಲ್ಲೂ ಪಾಪ ಯಾರೋ ಕ್ಯಾಷಿಯರ್ ಕೂತಿರ್ತಾರಲ್ಲ."

ನನ್ನ ಹಿಂದೆ ಐದಾರು ಜನ ನಿಂತಿದ್ದರು. ಇನ್ನು ಸುಮ್ಮನಿದ್ದರೆ ಮನುಷ್ಯನೇ ಅಲ್ಲ ಅನ್ನಿಸಿತು.

"ಮೇಷ್ಟ್ರೇ, ಹೆಡ್ಡು ಸವೆಯುತ್ತೆ ಅಂದಿದ್ದು ಸುಳ್ಳು. ನನಗೆ ನೋಡೋಕೆ ಚೆನ್ನಾಗಿರ್ಲಿ ಅಂತ ಹಾಗಂದೆ. ನೀವು ಗೀಟು ಹಾಕ್ತೀರ ಅಂತ ಯಜಮಾನರಿಗೆ ಹೇಳಿದ್ದೂ ನಾನೇ. ಆವತ್ತು ಆ ಬಿಲ್ಲು ಬಂದಾಗ ನಾನು ಹೇಳ್ಬೇಕಿತ್ತು. ಅದು ನಿಮ್ಮ ಕೈಯಲ್ಲ ಅಂತ."

ಅವರ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಅರ್ಥಮಾಡಿಕೊಳ್ಳಲು ಹೊತ್ತು ಹಿಡಿಯಿತು.

"ನಿಮಗೆ ಆವತ್ತೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು."

"ಗೊತ್ತಿರಲಿಲ್ಲ ಅಂದ್ಕೊಂಡಿದ್ದೆ ನಾನು," ಎಂದರು. "ಚಿಕ್ಕ ಹುಡುಗ, ಪಾಪ, ಅವನಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ ಅಂತ ಮನೇಲೂ ಹೇಳಿದ್ದೆ."

ನನ್ನ ಬಿಲ್ಲನ್ನು ಮತ್ತೆ ನಾಲ್ಕು ಮಡಿಕೆ ಮಾಡಿದರು. ಆದರೆ ಪರ್ಸಿಗೆ ಹಾಕಲಿಲ್ಲ, ಕಿಂಡಿಯ ಕಟ್ಟೆಯ ಮೇಲೆ ನನ್ನ ಕಡೆಗೆ ಸರಿಸಿದರು. ಅರ್ಚನೆಯ ಚೀಟಿಯನ್ನು ಹರಿದು ಅದರ ಪಕ್ಕದಲ್ಲಿಟ್ಟರು. ಆಮೇಲೆ ನನ್ನ ಭುಜದ ಆಚೆ ನೋಡಿ, "ಮುಂದಿನವರು ಬನ್ನಿ" ಎಂದರು.

ಗುಡಿಯ ಮೆಟ್ಟಿಲ ಮೇಲೆ ಅಮ್ಮ ಕೇಳಿದಳು, "ಯಾರೋ ಅದು, ಗುರುತಿನವರಾ?"

"ಹೂಂ. ಚಾಮರಾಜಪೇಟೆ ಅಂಗಡೀಲಿ ಇದ್ದರು," ಎಂದೆ. ಅವಳಿಗೆ ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ.

ಸೋಮವಾರ ಎರಡೂ ಅಂಗಡಿಗೆ ಹೋಗಿ ಆ ಖಾಲಿ ಮನೆಯನ್ನು ಮುಚ್ಚಿದೆ. ಚುಕ್ಕಿಗಳು ಮುಗಿದ ಮೇಲೆ, ಅಂಕಿಗೆ ತಾಗಿದಂತೆ, ಒಂದರ ಕೆಳಗೊಂದು ಎರಡು ಗೀಟಿನ ಸಮ ಚಿಹ್ನೆ. ಚಾಮರಾಜಪೇಟೆಯ ಯಜಮಾನರು ಬಿಲ್ಲು ಹಿಡಿದು, "ಇದ್ಯಾವುದಪ್ಪಾ ಹೊಸದು, ಎಲ್ಲೋ ನೋಡಿದ ಹಾಗಿದೆ" ಎಂದರು. ಎಲ್ಲಿ ನೋಡಿದ್ದು ಎಂದು ಹೇಳಿದೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ, ಕಾರಿನ ಕೀಲಿಕೈ ತೆಗೆದುಕೊಂಡು ಶ್ರೀರಾಂಪುರಕ್ಕೆ ಹೊರಟರು. ನೀನೂ ಬಾ ಎನ್ನಲಿಲ್ಲ.

ಸಂಜೆ ಒಬ್ಬರೇ ವಾಪಸು ಬಂದರು. ಮೇಷ್ಟ್ರು ಕಾಫಿ ಕೊಟ್ಟು ಕೂರಿಸಿ ಚೆನ್ನಾಗಿಯೇ ಮಾತಾಡಿದರಂತೆ. ಕೆಲಸಕ್ಕೆ ಮಾತ್ರ ಬರುವುದಿಲ್ಲ ಎಂದರಂತೆ. ನನ್ನ ಬಗ್ಗೆ ಏನಾದರೂ ಹೇಳಿದರಾ ಎಂದು ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಯಜಮಾನರು ಗಲ್ಲಾದ ಮುಂದೆ ಕೂತು ಬಿಲ್ಲು ಹರಿದು ಹರಿದು ಕೊಡತೊಡಗಿದರು.